ಸ್ವೀಕರಿಸಲಾಗಿದೆ ಎಂಬ ಸೀಲು

ಆ ಸೀಲು ಮಾಡಿಸಿದ್ದು ನಾನೇ. ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ.

ಬಂಟ್ವಾಳದ ಗೇರುಬೀಜದ ಕಾರ್ಖಾನೆಯಲ್ಲಿ ಆಗ ಖರೀದಿ ವಿಭಾಗ ಎಂದರೆ ಒಂದು ಮೇಜು, ಒಂದು ಕಂಪ್ಯೂಟರ್ ಮತ್ತು ನಾನು. ಆಫೀಸಿಗೆ ಬರುವ ಕಾಗದಗಳೆಲ್ಲ ಮೊದಲು ಆ ಮೇಜಿಗೇ ಬರುತ್ತಿದ್ದವು; ನನಗಿಂತ ಮೊದಲಿದ್ದವರು ಅವಕ್ಕೆಲ್ಲ ‘ರಿಸೀವ್ಡ್’ ಎಂದು ಇಂಗ್ಲಿಷ್ ಸೀಲು ಒತ್ತುತ್ತಿದ್ದರು. ಕನ್ನಡ ಎಂ.ಎ. ಮಾಡಿ ಬಂದ ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಓದಿದ್ದು ಮೂಡುಬಿದಿರೆಯಲ್ಲಿ. ಅಲ್ಲಿನ ಪರಿಚಯದ ಅಂಗಡಿಗೆ ಹೋಗಿ, ಕೈಯಾರೆ ಕಾಗುಣಿತ ಬರೆದು ಕೊಟ್ಟು, ‘ಸ್ವೀಕರಿಸಲಾಗಿದೆ’ ಎಂದು ಹೊಸ ಸೀಲು ಮಾಡಿಸಿ ತಂದೆ. ಕರೆಂಟ್ ಬಿಲ್ಲಿನಿಂದ ಹಿಡಿದು ಮದುವೆ ಕಾಗದದವರೆಗೆ ಮೇಜಿಗೆ ಬಂದದ್ದಕ್ಕೆಲ್ಲ ಅದೇ ಬೀಳುತ್ತಿತ್ತು.

ಅದು ಮೊದಲು ಕಚ್ಚಿದ್ದು ನನ್ನ ಅತ್ತಿಗೆಯನ್ನು. ಅಣ್ಣನ ಹೆಂಡತಿ. ಒಂದೇ ಮನೆ, ಒಂದೇ ಅಡುಗೆ, ಒಂದೇ ಕಾರ್ಖಾನೆ. ಒಣಗಿದ ಗೇರುಬೀಜದ ತಿರುಳಿನಿಂದ ಕೆಂಪು ಸಿಪ್ಪೆ ತೆಗೆಯುವ ನಲವತ್ತು ಹೆಂಗಸರಿಗೆ ಆಕೆ ಮೇಸ್ತ್ರಿ. ತಾಯಿಯ ಕಣ್ಣಿನ ಆಪರೇಷನ್‌ಗೆಂದು ಎರಡು ಪ್ರತಿಯಲ್ಲಿ ರಜೆ ಅರ್ಜಿ ಕೊಟ್ಟರು. ನಾನು ಸೀಲು ಒತ್ತಿ ಒಂದು ಪ್ರತಿಯನ್ನು ಹಿಂದೆ ಕೊಟ್ಟೆ. ‘ಸ್ವೀಕರಿಸಲಾಗಿದೆ’ ಎಂದು ಓದಿಕೊಂಡು ರಜೆ ಸಿಕ್ಕಿತೆಂದೇ ಅವರು ನಾರಾವಿಗೆ ತಾಯಿಯ ಮನೆಗೆ ಹೋದರು. ಕೆಲಸ ಜೋರಿದ್ದ ದಿನಗಳು. ಕಾರ್ಖಾನೆಯ ಧಣಿಗಳು ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದರು. ಹಿಂದೆ ಬಂದ ಅತ್ತಿಗೆ ಸೀಲಿದ್ದ ಕಾಗದ ತೋರಿಸಿದಾಗ, ಅದನ್ನು ಕಿತ್ತುಕೊಂಡು ಸೀಲಿನ ಕೆಳಗೇ ‘ರಜೆ ಮಂಜೂರು ಮಾಡಿಲ್ಲ’ ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಿ ಕೊಟ್ಟರು. ಮೇಸ್ತ್ರಿಗಿರಿ ಹೋಯಿತು; ಉಳಿದವರ ಸಾಲಿನಲ್ಲಿ ಸಿಪ್ಪೆ ತೆಗೆಯಲು ಕೂತರು.

“ಇದರಲ್ಲಿ ಸ್ವೀಕರಿಸಿದ್ದೇವೆ ಅಂತ ಉಂಟಲ್ಲ?” ಎಂದು ಅತ್ತಿಗೆ ಕೇಳಿದ್ದು ನನ್ನನ್ನು.

“ಸ್ವೀಕರಿಸುವುದು ಅಂದರೆ ಕಾಗದ ಕೈಗೆ ಬಂತು ಅಂತ, ಅತ್ತಿಗೆ. ಒಪ್ಪಿದ್ದೇವೆ ಅಂತ ಅಲ್ಲ. ಅಷ್ಟೂ ಗೊತ್ತಾಗುವುದಿಲ್ಲವಾ?” ಎಂದೆ, ಹತ್ತು ಹೆಂಗಸರ ಎದುರು. ಅಂದಿನಿಂದ ಮನೆಯಲ್ಲಿ ನನ್ನ ಬಟ್ಟಲಿಗೆ ಅನ್ನ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ.

ಆಮೇಲಿನ ವರ್ಷ ಹೊಸ ಡ್ರೈಯರ್ ತರಿಸುವುದೆಂದಾಯಿತು. ತಿರುಳು ಒಂದೇ ಹದದಲ್ಲಿ ಒಣಗದಿದ್ದರೆ ಸಿಪ್ಪೆ ಬಿಡುವುದಿಲ್ಲ, ಉಜ್ಜಿದರೆ ಬೀಜ ತುಂಡಾಗುತ್ತದೆ. ಕೊಯಮತ್ತೂರಿನ ಒಂದು ಕಂಪನಿಗೆ ನಾನೇ ಖರೀದಿ ಆರ್ಡರ್ ಕಳಿಸಿದೆ. ಅದರ ಬೆನ್ನಿಗೆ ನಮ್ಮ ಮಾಮೂಲಿ ಷರತ್ತುಗಳ ಪಟ್ಟಿ: ಟ್ರಯಲ್‌ನಲ್ಲಿ ದೋಷ ಕಂಡರೆ ಹದಿನೈದು ದಿನದೊಳಗೆ ಅವರ ಖರ್ಚಿನಲ್ಲೇ ಬೇರೆ ಮೆಷಿನ್ ಕೊಡಬೇಕು, ತಕರಾರು ಬಂದರೆ ಬಂಟ್ವಾಳದ ಕೋರ್ಟು. ವಾರದಲ್ಲಿ ಕೊರಿಯರ್‌ನಲ್ಲಿ ಅವರ ‘ಆರ್ಡರ್ ಒಪ್ಪಿಗೆ ಪತ್ರ’ ಎರಡು ಪ್ರತಿಯಲ್ಲಿ ಬಂತು. ಮಾಡೆಲ್ಲು, ದರ, ತಾರೀಕು ಎಲ್ಲ ಸರಿಯಾಗಿತ್ತು. ಬೆನ್ನಿನ ಸಣ್ಣ ಅಕ್ಷರ ನಾನು ಓದಲಿಲ್ಲ. ಸೀಲು ಒತ್ತಿದೆ, ಇನಿಷಿಯಲ್ ಹಾಕಿದೆ, ಒಂದು ಪ್ರತಿ ಹಿಂದೆ ಕಳಿಸಿದೆ.

ಮೆಷಿನ್ ಬಂದ ದಿನ ಮಾತ್ರ ನನ್ನ ಕೈ ಒಂದು ಒಳ್ಳೆಯ ಕೆಲಸ ಮಾಡಿತು. ಅದೂ ಬುದ್ಧಿಯಿಂದಲ್ಲ, ಅಭ್ಯಾಸದಿಂದ. ಯಂತ್ರ ಯಾವುದು ಬಂದರೂ ಗೇಟಿನಲ್ಲಿ ಡೆಲಿವರಿ ಚಲನ್ ಮೇಲೆ ಷರಾ ಬರೆಯುವುದು ನಮ್ಮಲ್ಲಿ ರೂಢಿ: ‘ನಮ್ಮ ಆರ್ಡರಿನ ಷರತ್ತುಗಳಿಗೆ ಮಾತ್ರ ಒಳಪಟ್ಟು ಇಳಿಸಿಕೊಳ್ಳಲಾಗುವುದು. ಟ್ರಯಲ್ ಬಾಕಿ.’ ಕಂಪನಿಯ ಫಿಟ್ಟರ್ ಅದರ ಫೋಟೋ ತೆಗೆದು ತನ್ನ ಆಫೀಸಿಗೆ ವಾಟ್ಸಾಪ್ ಮಾಡಿದ. ಇಳಿಸಬಹುದು ಎಂದು ಅಲ್ಲಿಂದ ಉತ್ತರ ಬಂದ ಮೇಲೆ ಸಹಿ ಹಾಕಿ ಮೆಷಿನ್ ಇಳಿಸಿದ.

ಟ್ರಯಲ್ ಮೂರು ದಿನ ನಡೆಯಿತು. ಎಡಗಡೆಯ ಟ್ರೇಗಳಲ್ಲಿ ತಿರುಳು ಸೀದು ಕಂದಾಗುತ್ತಿತ್ತು, ಬಲಗಡೆಯವು ಹಸಿಯಾಗಿಯೇ ಉಳಿಯುತ್ತಿದ್ದವು. ಫಿಟ್ಟರ್ ಏನೇನೋ ತಿರುಗಿಸಿ, ಕೊನೆಗೆ ಬೆವರು ಒರೆಸಿಕೊಂಡು ಹೊರಟುಹೋದ. ಹಳೆಯ ಡ್ರೈಯರ್ ಬಿಚ್ಚಿ ಗುಜರಿಗೆ ಕೊಟ್ಟಾಗಿತ್ತು. ಸಿಪ್ಪೆ ವಿಭಾಗದ ಹೆಂಗಸರಿಗೆ ಧಣಿಗಳು ನಾಳೆಯಿಂದ ಬರುವುದು ಬೇಡ ಎಂದು ಹೇಳಿದರು. ಅತ್ತಿಗೆಯೂ ಬುತ್ತಿ ಚೀಲ ಹಿಡಿದು ಅವರ ಜೊತೆಗೆ ಗೇಟು ದಾಟಿದರು.

ಬೇರೆ ಮೆಷಿನ್ ಕೊಡಿ ಎಂದು ಕಂಪನಿಗೆ ಬರೆದೆ. ಉತ್ತರದ ಜೊತೆ ನನ್ನದೇ ಸೀಲಿನ ಫೋಟೋ ಬಂತು. ‘ನಮ್ಮ ಒಪ್ಪಿಗೆ ಪತ್ರದ ಷರತ್ತುಗಳೇ ಅನ್ವಯಿಸುತ್ತವೆ; ಖರೀದಿದಾರರ ಷರತ್ತುಗಳಿಗೆ ನಾವು ಬದ್ಧರಲ್ಲ. ದೋಷವಿದ್ದರೆ ನಮ್ಮ ಕಾರ್ಖಾನೆಗೆ ಕಳಿಸಿಕೊಡಿ, ರಿಪೇರಿ ಮಾತ್ರ ಮಾಡುತ್ತೇವೆ, ಮೂರು ತಿಂಗಳು ಬೇಕು. ತಕರಾರು ಕೊಯಮತ್ತೂರಿನ ಕೋರ್ಟಿನಲ್ಲಿ. ಇದನ್ನು ನೀವು ಸ್ವೀಕರಿಸಿದ್ದೀರಿ.’ ನನ್ನ ಸೀಲಿನ ಶಬ್ದವನ್ನು ಅವರು ಭಾಷಾಂತರ ಮಾಡಿಸಿ ಇಂಗ್ಲಿಷಿನಲ್ಲಿ ಹಾಕಿದ್ದರು: ‘ಆಕ್ಸೆಪ್ಟೆಡ್.’ ಒಮ್ಮೆಲೇ ಅತ್ತಿಗೆಯ ಮುಖ ಕಣ್ಣೆದುರು ಬಂತು.

ಧಣಿಗಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. “ಒಂದು ತಿಂಗಳು ನೋಡ್ತೇನೆ,” ಎಂದರು. “ಆಗದಿದ್ದರೆ ಸಿಪ್ಪೆ ಕೆಲಸ ಹೊರಗೆ ಕೊಡ್ತೇನೆ. ವಿಭಾಗವೇ ಬೇಡ.” ನಲವತ್ತು ಜನರ ಕೆಲಸ ಮೂರು ವಾಕ್ಯದಲ್ಲಿ ಮುಗಿಯಿತು.

ಮರುದಿನವೇ ಕಡತ ಕಂಕುಳಲ್ಲಿ ಒತ್ತಿಕೊಂಡು ಬೆಳ್ತಂಗಡಿ ಬಸ್ಸು ಹತ್ತಿದೆ. ಮಡಂತ್ಯಾರು ದಾಟುವವರೆಗೂ ಆ ಬೆನ್ನಿನ ಸಣ್ಣ ಅಕ್ಷರಗಳನ್ನೇ ಓದುತ್ತಿದ್ದೆ. ಆಗ ಓದಬೇಕಾದ್ದನ್ನು ಈಗ ಓದಿ ಯಾರಿಗೆ ಏನು ಲಾಭ! ನಮ್ಮ ಕಾರ್ಖಾನೆಯ ವಕೀಲರ ಆಫೀಸು ಬೆಳ್ತಂಗಡಿ ಪಕ್ಕದ ಲಾಯಿಲದಲ್ಲಿ. ವಯಸ್ಸಾದವರು, ಒಂದು ಶಬ್ದಕ್ಕೂ ಇನ್ನೊಂದಕ್ಕೂ ನಡುವೆ ಉಸಿರು ಎಳೆದುಕೊಳ್ಳುವಷ್ಟು ಜಾಗ ಬಿಟ್ಟು ಮಾತಾಡುವವರು.

“ನಿಮ್ಮ ಆರ್ಡರ್ ಉಂಟಲ್ಲ, ಅದು ಪ್ರಸ್ತಾವ,” ಎಂದರು. “ಒಪ್ಪಿಗೆ ಅಂದರೆ ಇದ್ದದ್ದನ್ನು ಇದ್ದ ಹಾಗೆ ಒಪ್ಪಬೇಕು. ಅವರು ಷರತ್ತು ಬದಲಾಯಿಸಿದ್ದಾರೆ. ತಲೆಬರಹದಲ್ಲಿ ಒಪ್ಪಿಗೆ ಅಂತ ಹಾಕಿದರೂ ಅದು ಒಪ್ಪಿಗೆ ಅಲ್ಲ, ಅವರ ಹೊಸ ಪ್ರಸ್ತಾವ. ಅದಕ್ಕೆ ನೀವು ಏನು ಹೇಳಿದಿರಿ ಅನ್ನುವುದು ಪ್ರಶ್ನೆ.”

“ಸೀಲು ಒತ್ತಿದೆ, ಸರ್.”

“ಅದೇ ಕಷ್ಟ. ಸೀಲಿನ ಅರ್ಥ ಒಪ್ಪಿದ್ದೇವೆ ಅಂತಾದರೆ ಆ ದಿನವೇ ಕರಾರು ಮುಗಿಯಿತು, ಅವರ ಷರತ್ತಿನ ಮೇಲೆ. ಆಮೇಲೆ ಗೇಟಿನಲ್ಲಿ ನೀವೊಬ್ಬರೇ ಏನು ಷರಾ ಬರೆದರೂ ಆದ ಕರಾರು ಬದಲಾಗುವುದಿಲ್ಲ.” ಅವರು ಚಲನನ್ನು ಬೆಳಕಿಗೆ ಹಿಡಿದರು. “ಸೀಲಿನ ಅರ್ಥ ಬರೇ ಕೈಗೆ ಬಂತು ಅಂತಾದರೆ ಬೇರೆ ಕತೆ. ಆಗ ಕರಾರು ಇನ್ನೂ ಆಗಿರಲಿಲ್ಲ. ಕೊನೆಯ ಮಾತು ಈ ಷರಾ. ಅದನ್ನು ನೋಡಿ, ಆಫೀಸಿಗೆ ಕೇಳಿ, ಸಹಿ ಹಾಕಿ ಅವರು ಮೆಷಿನ್ ಇಳಿಸಿದ್ದಾರೆ. ನಡತೆಯಿಂದ ನಮ್ಮ ಷರತ್ತು ಒಪ್ಪಿದ ಹಾಗೆ ಅಂತ ವಾದ ಮಾಡಬಹುದು. ಈ ಷರಾ ಇಲ್ಲದೆ ಸುಮ್ಮನೆ ಇಳಿಸಿಕೊಂಡಿದ್ದರೆ ನೀವು ಅವರ ಷರತ್ತು ಒಪ್ಪಿದ ಹಾಗೆ ಆಗ್ತಿತ್ತು.”

ಎಲ್ಲ ಬಿಲ್ಲಿಗೂ ಅದೇ ಸೀಲು ಬೀಳುತ್ತದೆ, ತಂದು ತೋರಿಸುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು.

“ಬಿಲ್ಲು ಒಪ್ಪಿಯೇ ಸೀಲು ಹಾಕಿದ್ದು ಅಂತಾರೆ ಅವರು. ಸೀಲು ಬಿದ್ದ ಮೇಲೆ ನೀವು ಬೇಡ ಅಂದ ಒಂದು ಕಾಗದ ಬೇಕು. ಈ ಜಗಳಕ್ಕಿಂತ ಹಿಂದಿನದ್ದು. ಉಂಟಾ?”

ಉಂಟು. ಅದು ಯಾರ ಹತ್ತಿರ ಉಂಟೆಂದೂ ನನಗೆ ಗೊತ್ತಿತ್ತು. ಅತ್ತಿಗೆಯ ರಜೆ ಅರ್ಜಿಯಲ್ಲಿ ಆಫೀಸಿಗೆ ಉಳಿದ ಪ್ರತಿ ಆ ವರ್ಷದ ಕೊನೆಗೇ ರದ್ದಿಗೆ ಹೋಗಿತ್ತು. ಹೋಗದಿದ್ದರೂ, ಧಣಿಗಳ ಅಕ್ಷರ ಇದ್ದದ್ದು ಅತ್ತಿಗೆಯ ಪ್ರತಿಯ ಮೇಲೆ.

ವಾಪಸ್ಸು ಬರುವ ಬಸ್ಸಿನಲ್ಲಿ ಕೇಳುವ ಮಾತನ್ನು ಹತ್ತು ಬಗೆಯಲ್ಲಿ ಜೋಡಿಸಿದೆ. ಮನೆಗೆ ಬಂದು ಚಪ್ಪಲಿ ಕಳಚುವಾಗ ಹತ್ತೂ ಮರೆತುಹೋಯಿತು. ಅತ್ತಿಗೆ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಕೆಲಸ ನಿಂತ ಮೇಲೆ ಪಕ್ಕದ ಮನೆಯಿಂದ ಎಲೆ ತಂದು ಮೊರದಂಥ ಸೂಪಿಗೆ ಹಾಕಿಕೊಂಡಿದ್ದರು.

“ಅತ್ತಿಗೆ, ಆ ರಜೆ ಅರ್ಜಿ ಇಟ್ಟುಕೊಂಡಿದ್ದೀರಾ?”

ಕತ್ತರಿ ನಿಂತಿತು. “ಯಾಕೆ? ಇನ್ನೊಮ್ಮೆ ಅರ್ಥ ಹೇಳಿ ಕೊಡ್ಲಿಕ್ಕಾ?”

ನಾನು ಎಲ್ಲ ಹೇಳಿದೆ. ಬೆನ್ನಿನ ಅಕ್ಷರ ಓದದೇ ಇದ್ದದ್ದು, ಸೀಲು, ಧಣಿಗಳು ಕೊಟ್ಟ ಒಂದು ತಿಂಗಳು, ವಕೀಲರು ಕೇಳಿದ ಕಾಗದ. ತಪ್ಪು ನನ್ನದು ಎಂದೆ. ಈ ಸಲದ್ದು ಮಾತ್ರ ಅಲ್ಲ, ಆ ಸಲದ್ದೂ ನನ್ನದೇ ಎಂದೆ. ಅಳಬಾರದು ಎಂದುಕೊಂಡಿದ್ದೆ, ಅತ್ತುಬಿಟ್ಟೆ.

ಅವರು ಕೈಯಲ್ಲಿದ್ದ ಎಲೆ ಕತ್ತರಿಸಿ ಮುಗಿಸಿದರು. ಆಮೇಲೆ ಎದ್ದು ಒಳಗೆ ಹೋಗಿ, ಬೀರುವಿನ ಸೀರೆಯ ಮಡಿಕೆಯಿಂದ ಕಾಗದ ತಂದರು. “ನೀನು ಹೇಳಿದ ಅರ್ಥ ಆ ದಿನ ನನ್ನನ್ನು ಕೆಳಗೆ ಕೂರಿಸಿತು. ಅದೇ ಅರ್ಥ ಇವತ್ತು ನಿನಗೆ ಬೇಕಾಯ್ತು, ಅಲ್ವಾ ಮಾರಾಯ್ತಿ?” ಎಂದರು. ಕಾಗದವನ್ನು ನನ್ನ ಕೈಗಿಟ್ಟರು. “ತಗೊಂಡು ಹೋಗು. ನಿನಗಾಗಿ ಅಲ್ಲ. ನಮ್ಮ ನಲವತ್ತು ಜನಕ್ಕಾಗಿ. ಆದರೆ ಕಾಗದ ಹಿಂದೆ ಬರಬೇಕು.”

ವಕೀಲರು ಅರ್ಜಿಯ ಪ್ರತಿಯನ್ನೂ ಚಲನನ್ನೂ ಸೇರಿಸಿ ನೋಟಿಸ್ ಕಳಿಸಿದರು. ಮೊದಲ ವಾರ ಏನೂ ಬರಲಿಲ್ಲ. ಎರಡನೇ ವಾರ ಕೊಯಮತ್ತೂರಿನಿಂದ ಒಬ್ಬರು ಫೋನ್ ಮಾಡಿ, ನಿಮ್ಮ ಸೀಲಿಗೆ ನೀವೇ ಎರಡು ಅರ್ಥ ಮಾಡ್ತೀರಾ ಎಂದು ಗದರಿಸಿದರು. ನಾನು ಫೋನು ಇಟ್ಟೆ. ಕಾರ್ಖಾನೆಯ ಖಾಲಿ ಸಿಪ್ಪೆ ವಿಭಾಗದ ಎದುರು ಹಾದುಹೋಗುವುದನ್ನೇ ಬಿಟ್ಟು ಹಿಂದಿನ ಬಾಗಿಲಿನಿಂದ ಓಡಾಡಿದೆ. ತಿಂಗಳು ಮುಗಿಯಲು ನಾಲ್ಕು ದಿನ ಇರುವಾಗ ಪತ್ರ ಬಂತು: ತಮ್ಮ ಹಕ್ಕುಗಳಿಗೆ ಬಾಧಕ ಬಾರದಂತೆ, ಈ ಒಂದು ಸಲಕ್ಕೆ ಮೆಷಿನ್ ಬದಲಾಯಿಸಿ ಕೊಡುತ್ತಾರಂತೆ. ಸೋತೆವೆಂದು ಎಲ್ಲೂ ಇಲ್ಲ. “ಗೆದ್ದೆವು ಅಂತ ನೀವೂ ಹೇಳ್ಬೇಡಿ,” ಎಂದರು ವಕೀಲರು. “ಕೋರ್ಟಿಗೆ ಹೋಗಿದ್ದರೆ ಏನು ಹೇಳ್ತಿತ್ತೋ ನನಗೂ ಗೊತ್ತಿಲ್ಲ.”

ಹೊಸ ಡ್ರೈಯರಿನಲ್ಲಿ ಎರಡೂ ಬದಿಯ ತಿರುಳು ಒಂದೇ ಬಣ್ಣ ಬಂದ ದಿನ ಹೆಂಗಸರೆಲ್ಲ ಹಿಂದೆ ಬಂದರು. ನಾನು ಧಣಿಗಳ ಎದುರು ನಿಂತು, ಅತ್ತಿಗೆಯ ಕಾಗದದಿಂದಲೇ ಇದಾದದ್ದು, ಅವರಿಗೆ ಮೇಸ್ತ್ರಿ ಕೆಲಸ ಹಿಂದೆ ಕೊಡಿ ಎಂದೆ. “ನೋಡುವ,” ಎಂದರು. ಆ ‘ನೋಡುವ’ ಇವತ್ತಿನವರೆಗೂ ನೋಡುತ್ತಲೇ ಇದೆ.

ಹಳೆಯ ಸೀಲನ್ನು ನಾನೇ ಬ್ಲೇಡಿನಿಂದ ಕೆತ್ತಿ ಬಿಸಾಡಿದೆ. ಮೂಡುಬಿದಿರೆಯ ಅದೇ ಅಂಗಡಿಯಿಂದ ಹೊಸದು ತಂದೆ: ‘ತಲುಪಿದೆ. ಒಪ್ಪಿಗೆ ಅಲ್ಲ.’ ಈ ಸಲ ಯಾರೂ ತಪ್ಪು ತಿಳಿಯಲು ಸಾಧ್ಯವಿಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ.

ಸ್ವಲ್ಪ ದಿನದ ಮೇಲೆ ಅತ್ತಿಗೆ ನನ್ನ ಮೇಜಿಗೆ ಬಂದರು. ತಾಯಿಯ ಇನ್ನೊಂದು ಕಣ್ಣಿನ ಆಪರೇಷನ್‌ಗೆ ಎರಡು ದಿನದ ರಜೆ. ಎರಡು ಪ್ರತಿ. ನಾನು ಸೀಲು ಎತ್ತಿದೆ. ಅವರು ಕಾಗದದ ಮೇಲೆ ಅಂಗೈ ಅಗಲಿಸಿ ಇಟ್ಟರು. ಸಿಪ್ಪೆ ತೆಗೆದೂ ತೆಗೆದೂ ಬೆರಳ ತುದಿ ಒಡೆದಿತ್ತು.

“ತಲುಪಿದ್ದು ನನಗೂ ಕಾಣ್ತದೆ,” ಎಂದರು. “ಉಂಟೋ ಇಲ್ಲವೋ, ಅದನ್ನು ಬರೆಸಿಕೊಂಡು ಬಾ. ನಾನು ಇಲ್ಲೇ ನಿಲ್ತೇನೆ.”

ಸೀಲನ್ನು ಕೆಳಗಿಟ್ಟು, ಎರಡೂ ಪ್ರತಿ ಹಿಡಿದುಕೊಂಡು ಧಣಿಗಳ ಕೋಣೆಗೆ ಹೋದೆ.