ಹದಿನಾಲ್ಕನೇ ಸಾಲಿನ ಹೊಣೆಗಾರ

ನಮ್ಮ ಸೈಟಿನಲ್ಲಿ ಅವನನ್ನು ಎಲ್ಲರೂ ಪಟ್ಟಿಯಣ್ಣ ಎಂದೇ ಕರೆಯುತ್ತಿದ್ದರು. ಗುಡ್ಡ ಕಡಿದು ಆರು ಬ್ಲಾಕ್ ಮನೆ ಕಟ್ಟುವ ಕೆಲಸ ಅದು. ಏನೇನು ಎಡವಟ್ಟಾಗಬಹುದು ಎಂದು ಮುಂಚೆಯೇ ಬರೆದಿಡುವ ಅಪಾಯಗಳ ರಿಜಿಸ್ಟರ್ ಅವನ ಪಾಲಿಗೆ ಬಂದಿತ್ತು. ಕೇಡನ್ನೇ ನೆನೆಯುತ್ತ ಕೂರುವುದಕ್ಕೆ ಸಂಬಳ ತೆಗೆದುಕೊಳ್ಳುವವನು ಎಂದು ಕಾಲೆಳೆಯುತ್ತಿದ್ದೆವು. ನಾನು ಅಲ್ಲಿ ಸರ್ವೇಯರ್. ಕಾಲೆಳೆಯುವುದರಲ್ಲಿ ನಾನೇ ಮುಂದು.

ಪ್ರತಿ ಅಪಾಯಕ್ಕೂ ಅವನು ಎರಡು ಅಂಕ ಕೊಡುತ್ತಿದ್ದ. ಆಗುವ ಸಾಧ್ಯತೆ ಎಷ್ಟು, ಆದರೆ ಪರಿಣಾಮ ಎಷ್ಟು, ಎರಡೂ ಒಂದರಿಂದ ಐದರೊಳಗೆ. ಗುಣಿಸಿದಾಗ ಹದಿನೈದು ಮುಟ್ಟಿದರೆ ಆ ಸಾಲು ಕೆಂಪು. ನಮ್ಮಲ್ಲಿ ಕೆಂಪು ಎಂದರೆ ಅಲ್ಲಿ ಕೆಲಸ ನಿಲ್ಲಬೇಕು, ಮುಖ್ಯ ಕಚೇರಿಗೂ ತಿಳಿಸಬೇಕು. ಕೊನೆಯ ಕಾಲಮ್ಮಿನಲ್ಲಿ, ಅಪಾಯ ತಡೆಯುವ ಕೆಲಸಕ್ಕೆ ಹೊಣೆಗಾರನ ಹೆಸರು. "ಸೈಟ್ ತಂಡ ಅಂತ ಬರೀಬೇಡಿ, ಒಬ್ಬರ ಹೆಸರು ಕೊಡಿ" ಎಂದು ಅವನು ಎಲ್ಲರ ತಲೆ ತಿನ್ನುತ್ತಿದ್ದ.

ಹದಿನಾಲ್ಕನೇ ಸಾಲು ಮೂರನೇ ಬ್ಲಾಕಿನ ಹಿಂದಿನ ಇಳಿಜಾರಿನದು. ಮಳೆ ಶುರುವಾದ ಮೇಲೆ ನೆತ್ತಿಯಲ್ಲಿ ಬಿರುಕು ಕಂಡಿತ್ತು. ಬಿರುಕಿನ ಎರಡೂ ಬದಿಗೆ ನಾನು ಗೂಟ ಹೊಡೆದು ಅಳೆದೆ. ಒಂದು ವಾರದಲ್ಲಿ ಒಂಬತ್ತು ಮಿಲಿಮೀಟರ್ ಬಿಟ್ಟುಕೊಂಡಿತ್ತು. ಸಾಧ್ಯತೆ ನಾಲ್ಕು, ಪರಿಣಾಮ ಐದು, ಒಟ್ಟು ಇಪ್ಪತ್ತು, ಅಂದರೆ ಕೆಂಪು; ಆದರೆ ತಿಂಗಳ ಸಭೆ ಒಪ್ಪುವವರೆಗೆ ಅಂಕ ಜಾರಿಗೆ ಬರುವಂತಿರಲಿಲ್ಲ. ನೆತ್ತಿಯಲ್ಲಿ ಚರಂಡಿ ತೋಡಿ ನೀರನ್ನು ಆಚೆ ತಿರುಗಿಸಬೇಕು, ಇಳಿಜಾರಿನೊಳಗೆ ಕೊಳವೆ ಕೊರೆದು ಒಳಗಿನ ನೀರು ಇಳಿಸಬೇಕು. ಹೊಣೆ ಮಣ್ಣಿನ ಇಂಜಿನಿಯರನದು. ಆ ಪುಣ್ಯಾತ್ಮ ಹೋದ ತಿಂಗಳೇ ಕೆಲಸ ಬಿಟ್ಟು ಹೋಗಿದ್ದ. ಅದೇ ಇಳಿಜಾರಿನ ಬುಡದಲ್ಲಿ ತಡೆಗೋಡೆಗೆ ಕಂಬಿ ಕಟ್ಟುತ್ತಿದ್ದವರು ಮೇಸ್ತ್ರಿಯೂ ಸೇರಿ ಹನ್ನೊಂದು ಜನ; ಆ ಮೇಸ್ತ್ರಿ ಪಟ್ಟಿಯಣ್ಣನ ತಂಗಿಯ ಗಂಡ.

ತಿಂಗಳ ಸಭೆ ಕಂಟೇನರ್ ಆಫೀಸಿನಲ್ಲಿ ನಡೆಯಿತು. ಪ್ರಾಜೆಕ್ಟ್ ಮ್ಯಾನೇಜರ್ ಟೀ ಹೀರುತ್ತ ಹದಿನಾಲ್ಕನೇ ಸಾಲಿಗೆ ಬಂದರು.

"ಕೊಳವೆಗೆ ಆರ್ಡರ್ ಹೋಗಿದೆಯಲ್ಲ. ಸಾಧ್ಯತೆ ಎರಡು ಮಾಡಿ."

"ಸಾರ್, ಆರ್ಡರ್ ಹೋದ್ರೆ ನೀರು ಇಳಿಯಲ್ಲ. ಕೊಳವೆ ಹಾಕಿ, ಬಿರುಕು ಅಗಲವಾಗೋದು ನಿಂತ ಮೇಲೆ ಅಂಕ ಇಳಿಸೋಣ" ಎಂದ ಪಟ್ಟಿಯಣ್ಣ.

"ಪರಿಣಾಮ ಐದೇ ಇರಲಿ, ಅದನ್ನ ನಾನು ಮುಟ್ಟಲ್ಲ. ಎರಡೈದಲಿ ಹತ್ತು. ಸರಿ, ಹೊಣೆ ಯಾರು? ಹೆಸರು ಖಾಲಿ ಇದ್ರೆ ಸಾಲು ತೆಗೆದುಬಿಡಿ. ಖಾಲಿ ಇರೋ ಸಾಲನ್ನ ಮುಖ್ಯ ಕಚೇರಿಯವರು ತಗೊಳ್ಳಲ್ಲ."

ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಒಂಬತ್ತು ಮಿಲಿಮೀಟರ್ ಅಳೆದವನು ಟೀ ಲೋಟದ ತಳ ನೋಡುತ್ತ ಕೂತಿದ್ದೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

"ಈ ತಿಂಗಳ ಮಟ್ಟಿಗೆ ನನ್ನ ಹೆಸರು ಹಾಕ್ತೀನಿ" ಎಂದ ಪಟ್ಟಿಯಣ್ಣ. ಸಾಲು ಅಳಿಸಿಹೋದರೆ ಗುಡ್ಡದ ಮಾತೇ ಅಳಿಸಿಹೋಗುತ್ತದೆ ಎಂಬುದು ಅವನ ಲೆಕ್ಕ. ಆಚೆ ಬಂದಮೇಲೆ "ನಿನಗೆ ತಲೆ ನೆಟ್ಟಗಿದೆಯಾ" ಎಂದು ಬೈದೆ. ಜೆಸಿಬಿ ಕರೆಸುವ ಅಧಿಕಾರವಿಲ್ಲ, ಕೆಲಸ ನಿಲ್ಲಿಸುವ ಅಧಿಕಾರವಿಲ್ಲ, ಹೊಣೆ ಮಾತ್ರ ಇದೆ. ಅವನು ನಕ್ಕ.

ಚರಂಡಿಗೆ ಜೆಸಿಬಿ ಕೊಡಿ ಎಂದು ಮ್ಯಾನೇಜರಿಗೆ ಮೂರು ಸಲ ಬರೆದ. ಮೂರು ಸಲವೂ ಐದನೇ ಬ್ಲಾಕಿನ ಕೆಲಸ ಮುಗಿಯಲಿ ಎಂಬ ಉತ್ತರ ಬಂತು. ಕೊನೆಗೆ ತಾನೇ ಗುದ್ದಲಿ ಹಿಡಿದು ನೆತ್ತಿಯಲ್ಲಿ ತೋಡತೊಡಗಿದ. ನಾನೂ ಎರಡು ದಿನ ಕೈಹಾಕಿದೆ. ತೋಡಬೇಕಿದ್ದ ಎಂಬತ್ತು ಮೀಟರಿನಲ್ಲಿ ನಮ್ಮಿಂದಾದದ್ದು ಹನ್ನೆರಡು.

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಗುಡ್ಡ ಜಾರಿತು. ಹತ್ತು ಜನ ಹೇಗೋ ಹಾರಿ ಪಾರಾದರು. ಮೇಸ್ತ್ರಿ ಕಂಬಿಗಳ ನಡುವೆ ಸಿಕ್ಕಿಕೊಂಡ. ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮಂಡಿಯ ಮೇಲಿನಿಂದ ಕತ್ತರಿಸಿ ತೆಗೆದರು.

ತನಿಖೆಗೆ ಬಂದವರು ರಿಜಿಸ್ಟರ್ ತೆರೆದರು. ಅಂಕ ಇಳಿಸಿದ್ದು ಯಾರೆಂದು ಅದರಲ್ಲಿ ಬರೆದಿರಲಿಲ್ಲ. ಹೊಣೆಗಾರನ ಹೆಸರು ಮಾತ್ರ ಇತ್ತು. ಆ ಪುಟದ ಒಂದು ಪ್ರತಿ ತಂಗಿಯ ಕೈಗೂ ಬಂತು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಅವಳು ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ.

"ಅಣ್ಣ, ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ಹೋದ ಭಾನುವಾರ ಮನೆಗೆ ಬಂದಿದ್ದೆ. ಇವರ ಪಕ್ಕದಲ್ಲೇ ಕೂತು ಊಟ ಮಾಡಿದೆ. ಒಂದು ಮಾತು ಹೇಳಲಿಲ್ಲ."

"ಹನ್ನೊಂದು ಜನ ಇದ್ರು ಅಲ್ಲಿ. ನಮ್ಮನೆಯವನೊಬ್ಬನಿಗೆ ಹೇಳಿ ಬಿಡಿಸಿಕೊಂಡು, ಉಳಿದ ಹತ್ತು ಜನರ ಮುಖ ಹೇಗೆ ನೋಡಲಿ ಅಂತ..."

ತಂಗಿ ಅಳಲಿಲ್ಲ, ದನಿ ಎತ್ತಲಿಲ್ಲ.

"ಹನ್ನೊಂದು ಜನಕ್ಕೂ ಹೇಳಬಹುದಿತ್ತಲ್ಲ ಅಣ್ಣ" ಎಂದಳು.