ಮೂವತ್ತೊಂದರ ಮರುದಿನ

ಜೆ.ಪಿ. ನಗರದ ಒಂದು ಮನೆಯ ಮೊದಲ ಮಹಡಿಯಲ್ಲಿ ನಮ್ಮ ಆಫೀಸು ಇತ್ತು. ಇದ್ದದ್ದು ಆರೇ ಜನ. ರೋಗಿಗಳಿಗೆ ಮಾತ್ರೆಯ ಹೊತ್ತನ್ನು ಫೋನಿನಲ್ಲಿ ನೆನಪಿಸುವ ಆ್ಯಪ್ ಮಾಡುತ್ತಿದ್ದೆವು. ದಿನ ಬಿಟ್ಟು ದಿನ ನುಂಗುವ ಮಾತ್ರೆಗಳ ಭಾಗವನ್ನು ಬರೆದವಳು ನಾನು. ಮೊದಲ ಮಾತ್ರೆ ಬೆಸ ತಾರೀಕಿನಲ್ಲಿ ಬಿದ್ದರೆ ಮುಂದೆಯೂ ಬೆಸ ತಾರೀಕುಗಳಲ್ಲಿ, ಸಮ ತಾರೀಕಿನಲ್ಲಿ ಬಿದ್ದರೆ ಸಮ ತಾರೀಕುಗಳಲ್ಲಿ ನೆನಪಿಸು ಎಂದು ಬರೆದಿದ್ದೆ. ನಾಲ್ಕು ದಿನ ಕಾದು ನೋಡಿದೆ. ಒಂದು ದಿನ ಫೋನು ಸದ್ದು ಮಾಡಿತು, ಮರುದಿನ ಸುಮ್ಮನಿತ್ತು, ಮತ್ತೆ ಸದ್ದು ಮಾಡಿತು, ಮತ್ತೆ ಸುಮ್ಮನಾಯಿತು. ಸರಿಯಾಗಿದೆ ಎಂದುಕೊಂಡೆ. ಆಗ ತಿಂಗಳ ನಡುಭಾಗ.

ಮುಂದಿನ ತಿಂಗಳ ಎರಡನೆಯ ತಾರೀಕು ತ್ಯಾಗರಾಜನಗರದಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಅವರ ತಂದೆ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಕಿಡ್ನಿ ದುರ್ಬಲವಾಗಿದ್ದರಿಂದ ಹೃದಯದ ಮಾತ್ರೆಯನ್ನು ದಿನ ಬಿಟ್ಟು ದಿನವೇ ಕೊಡಬೇಕೆಂದು ಡಾಕ್ಟರು ಹೇಳಿದ್ದರು.

"ಮೂವತ್ತೊಂದಕ್ಕೂ ತಗೊಳ್ಳಿ ಅಂತು, ಒಂದಕ್ಕೂ ತಗೊಳ್ಳಿ ಅಂತು ನಿಮ್ಮ ಆ್ಯಪು. ಎರಡೂ ದಿನ ತಗೊಂಡಿದಾರೆ. ಬೆಳಿಗ್ಗೆಯಿಂದ ವಾಂತಿ, ನಾಡಿ ತುಂಬ ನಿಧಾನ. ಅಡ್ಮಿಟ್ ಮಾಡ್ಕೊಂಡಿದಾರೆ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಮೂವತ್ತೊಂದು ಬೆಸ. ಒಂದೂ ಬೆಸ. ಫೋನ್ ಕೆಳಗಿಡುವ ಮೊದಲೇ ನನಗೆ ಅರ್ಥವಾಗಿತ್ತು. ಆ ಮಧ್ಯಾಹ್ನವೇ ದಿನ ಬಿಟ್ಟು ದಿನದ ರಿಮೈಂಡರುಗಳನ್ನೆಲ್ಲ ನಿಲ್ಲಿಸಿದೆವು. ಅಂಥ ಮಾತ್ರೆಯವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿದೆವು. ಸಮ ತಾರೀಕಿನವರಿಗೆ ನಡುವೆ ಒಂದರ ಬದಲು ಎರಡು ದಿನ ಖಾಲಿ ಬಿದ್ದಿತ್ತು.

ನಮ್ಮ ಟೀಮಿನ ಹಿರಿಯರೊಬ್ಬರು ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು. ಬೈಯಲಿಲ್ಲ. "ಹೇಗೆ ಟೆಸ್ಟ್ ಮಾಡಿದೆ?" ಎಂದಷ್ಟೇ ಕೇಳಿದರು.

"ನಾಲ್ಕು ದಿನ ಕಾದೆ, ಮೇಡಂ."

"ತಿಂಗಳು ಮುಗಿಯೋ ತನಕ ಕಾಯೋಕೆ ಯಾರಿಂದಲೂ ಆಗಲ್ಲ. ಅದಕ್ಕೇ ಕಾಯಬಾರದು, ಗಡಿಯಾರವನ್ನ ನಾವೇ ಮುಂದಕ್ಕೆ ಓಡಿಸ್ಬೇಕು."

ನಾನು ಬರೆದ ಪ್ರೋಗ್ರಾಮಿನ ಕೋಡು 'ಈಗ ಎಷ್ಟು ಹೊತ್ತು, ಯಾವ ತಾರೀಕು' ಎಂದು ಕಂಪ್ಯೂಟರನ್ನೇ ನೇರವಾಗಿ ಕೇಳುತ್ತಿತ್ತು. ಅವರು ಅದನ್ನು ಬಿಡಿಸಿ, ಹೊರಗಿನಿಂದ ಒಂದು ಗಡಿಯಾರವನ್ನು ಕೋಡಿನ ಕೈಗೆ ಕೊಡುವಂತೆ ಮಾಡಿಸಿದರು. ರೋಗಿಗಳ ಫೋನಿಗೆ ಹೋಗುವಾಗ ಅದು ನಿಜವಾದ ಗಡಿಯಾರ. ಟೆಸ್ಟಿನಲ್ಲಿ ಸುಳ್ಳು ಗಡಿಯಾರ. ಅದು ತಾನಾಗಿ ನಡೆಯುವುದಿಲ್ಲ. ನಾವು ಇಟ್ಟಲ್ಲಿ ನಿಲ್ಲುತ್ತದೆ, ಒಂದು ದಿನ ಮುಂದೆ ಹೋಗು ಎಂದರೆ ಹೋಗುತ್ತದೆ.

ಮೊದಲು ಹಳೆಯ ನಿಯಮವನ್ನೇ ಪರೀಕ್ಷಿಸಿದೆವು. ಇಪ್ಪತ್ತೊಂಬತ್ತಕ್ಕೆ ಮೊದಲ ಮಾತ್ರೆ ಎಂದಿಟ್ಟು ಗಡಿಯಾರವನ್ನು ದಿನ ದಿನವಾಗಿ ಸರಿಸಿದೆ. ಮೂವತ್ತಕ್ಕೆ ಮೌನ. ಮೂವತ್ತೊಂದಕ್ಕೆ ಮಾತ್ರೆ. ಒಂದಕ್ಕೆ ಮತ್ತೆ ಮಾತ್ರೆ. ಟೆಸ್ಟು ಕೆಂಪಾಯಿತು, ಅಂದರೆ ತಪ್ಪು ಸಿಕ್ಕಿತು. ಆಸ್ಪತ್ರೆಯಲ್ಲಿ ಮಲಗಿದ್ದವರ ಎರಡು ದಿನಗಳು ನನ್ನ ಪರದೆಯ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಳೆದುಹೋಗಿದ್ದವು.

ಆಮೇಲೆ ತಾರೀಕಿನ ಲೆಕ್ಕ ಬಿಟ್ಟು, ಮೊದಲ ಮಾತ್ರೆಯಿಂದ ಎಷ್ಟು ದಿನ ಕಳೆಯಿತು ಎಂಬುದನ್ನು ಎಣಿಸುವಂತೆ ತಿದ್ದಿದೆ. ಸುಳ್ಳು ಗಡಿಯಾರವನ್ನು ನಾಲ್ಕು ವರ್ಷ ನಡೆಸಿದೆವು, ಇಪ್ಪತ್ತೊಂಬತ್ತು ದಿನದ ಫೆಬ್ರವರಿಯೂ ಬರಲೆಂದು. ಒಂದು ಸೆಕೆಂಡೂ ಹಿಡಿಯಲಿಲ್ಲ. ಎಲ್ಲೂ ಎರಡು ಮಾತ್ರೆ ಅಕ್ಕಪಕ್ಕ ಬರಲಿಲ್ಲ.

"ಇದು ನಿಯಮ ಸರಿ ಇದೆ ಅಂತ ಮಾತ್ರ ಹೇಳತ್ತೆ. ನಿಜವಾಗಿ ಫೋನು ಹೊಡ್ಕೊಳತ್ತೋ ಇಲ್ವೋ, ಅದನ್ನ ಫೋನಲ್ಲೇ ನೋಡಬೇಕು," ಎಂದರು ಹಿರಿಯರು. ಅದನ್ನೂ ನೋಡಿದೆವು.

ಆ ಹೆಂಗಸಿನ ತಂದೆ ಆಸ್ಪತ್ರೆಯಿಂದ ಮನೆಗೆ ಬಂದ ವಾರ ನಾನು ತ್ಯಾಗರಾಜನಗರಕ್ಕೆ ಹೋದೆ. ಮಗಳು ಬಾಗಿಲು ತೆರೆದರು. ಹಜಾರದಲ್ಲಿ ಕುರ್ಚಿಯ ಮೇಲೆ ಕೂತಿದ್ದ ತಂದೆ ತುಂಬ ಸೊರಗಿದ್ದರು. ಎರಡು ದಿನ ಸತತ ಮಾತ್ರೆ ನುಂಗಿದ್ದೊಂದೇ ಕಾಯಿಲೆಗೆ ಕಾರಣ ಎಂದು ಹೇಳಲಾಗದು, ಆದರೆ ಅದೂ ಕಾರಣವಿರಬಹುದು ಎಂದಿದ್ದರಂತೆ ಡಾಕ್ಟರು.

"ನಿನ್ನೆ ತಗೊಂಡಿದ್ದೆ ಅಂತ ನಂಗೆ ಅನ್ನಿಸ್ತು ಕಣಮ್ಮ," ಎಂದರು ತಂದೆ ಮೆಲ್ಲಗೆ. "ಆದ್ರೆ ಫೋನು ಹೇಳ್ತಿದೆಯಲ್ಲ. ನಂಗೇ ಮರೆವು ಶುರುವಾಯ್ತೇನೋ ಅಂದ್ಕೊಂಡೆ. ನಮ್ಮಣ್ಣಂಗೂ ಹೀಗೇ ಆಗಿತ್ತು. ಆಸ್ಪತ್ರೇಲಿ ಮಲಗಿದ್ದಾಗ ಅದೇ ಯೋಚನೆ."

ಕಾಯಿಲೆಗಿಂತ ಆ ಭಯ ಅವರನ್ನು ಹೆಚ್ಚು ಕುಗ್ಗಿಸಿತ್ತು. ಅದನ್ನು ಅವರೊಳಗೆ ಹಾಕಿದವಳು ನಾನು.

"ನಿಮ್ಮ ನೆನಪು ಸರಿಯಾಗೇ ಇತ್ತು, ಅಂಕಲ್. ತಪ್ಪು ನಾನು ಬರೆದದ್ದರಲ್ಲಿತ್ತು," ಎಂದೆ.

ಅವರು ಮಗಳ ಕಡೆ ನೋಡಿದರು. "ಹೇಳಿರ್ಲಿಲ್ವಾ ಅಪ್ಪ, ನಾನು," ಎಂದರು ಆಕೆ. ಆಗ ಅವರು ಕಣ್ಣು ಒರೆಸಿಕೊಂಡರು.

ಆ್ಯಪನ್ನು ಅವರು ಮತ್ತೆ ಹಾಕಿಸಿಕೊಳ್ಳಲಿಲ್ಲ. ನಾನೂ ಕೇಳಲಿಲ್ಲ. ಕಾಫಿ ಕೊಟ್ಟರು, ಕುಡಿದು ಬಂದೆ.