ಕಯಟ್ಟಂ ನಲವತ್ತು ರೂಪಾಯಿ

ನನ್ನ ತಪ್ಪುಗಳಲ್ಲಿ ಹೆಚ್ಚಿನವನ್ನು ನಾನು ನಗುತ್ತಲೇ ಹೇಳಿಕೊಳ್ಳಬಲ್ಲೆ. ಇದೊಂದನ್ನು ಮಾತ್ರ ಹೇಳಹೊರಟಾಗಲೆಲ್ಲ ಅರ್ಧಕ್ಕೇ ಮಾತು ಬದಲಿಸಿದ್ದೇನೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಮಲಯಾಳ ಸೀಮೆಯಲ್ಲಿ ಘಾಟಿಯ ಮೇಲಿನ ನಮ್ಮ ಜಿಲ್ಲೆ ಆಗ ಹೊಸದು. ಕಚೇರಿಗಳ ಬೋರ್ಡಿನ ಬಣ್ಣ ಇನ್ನೂ ಮಾಸಿರಲಿಲ್ಲ. ಕೇಣಿಚಿರದಲ್ಲಿ ರೈತರಿಗೆ ಗೊಬ್ಬರ ಮಾರುವ, ಅವರಿಂದ ಶುಂಠಿ ಕೊಳ್ಳುವ ಒಂದು ಸೊಸೈಟಿಯಿತ್ತು. ಅದರಲ್ಲಿ ನನಗೆ ಗುಮಾಸ್ತನ ಕೆಲಸ ಸಿಕ್ಕಿತು. ನಮ್ಮದು ಪೆರಿಕಲ್ಲೂರು. ಅಜ್ಜನ ಕಾಲದಲ್ಲಿ ಮೈಸೂರು ಕಡೆಯಿಂದ ಹೊಳೆ ದಾಟಿ ಬಂದವರು ನಾವು, ಓದುವುದಕ್ಕೆ ನಾನು ಮತ್ತೆ ಅದೇ ಹೊಳೆ ದಾಟಿ ಆಚೆ ದಡದ ಕನ್ನಡ ಶಾಲೆಗೆ ಹೋದವನು. ಮಲಯಾಳ ಮಾತಾಡುವುದಕ್ಕೆ ಬರುತ್ತಿತ್ತು, ಓದುವುದಕ್ಕೆ ಅಷ್ಟಕ್ಕಷ್ಟೆ. ಕೆಲಸಕ್ಕೆ ಸೇರುವಾಗ ಮ್ಯಾನೇಜರು, "ಮಲಯಾಳ ಓದಲು ಬರುತ್ತದಲ್ಲ?" ಎಂದು ಕೇಳಿದ್ದರು. "ಧಾರಾಳವಾಗಿ" ಎಂದಿದ್ದೆ. ಆಮೇಲೆ ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು, ಬೆಲ್ಲ ಕಟ್ಟಿಕೊಟ್ಟ ಹಳೆ ಪೇಪರು, ಕಣ್ಣಿಗೆ ಬಿದ್ದದ್ದನ್ನೆಲ್ಲ ಅಕ್ಷರ ಕೂಡಿಸಿ ಕೂಡಿಸಿ ಓದಿ ಕಲಿತೆ. ಗೊತ್ತಿಲ್ಲದ ಮಾತು ಬಂದರೆ ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಬಣ್ಣ ಬಯಲಾಗುತ್ತದಲ್ಲ!

ನನ್ನ ಕೆಲಸ ಲಾರಿ ಬಿಲ್ಲು ತಪಾಸಣೆ. ಕೋಳಿಕ್ಕೋಡಿನ ರೈಲ್ವೆ ಗೂಡ್ಸ್ ಶೆಡ್ಡಿನಿಂದ ಗೊಬ್ಬರದ ಮೂಟೆ ಘಾಟಿ ಹತ್ತಿ ನಮ್ಮ ಗೋದಾಮಿಗೆ ಬರುತ್ತಿತ್ತು. ಲಾರಿಯವರ ಜೊತೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಒಪ್ಪಂದವಿತ್ತು. ಬಾಡಿಗೆ ಟನ್ನಿಗೆ, ಕಿಲೋಮೀಟರಿಗೆ ಐವತ್ತು ಪೈಸೆ. ದೂರ ತೊಂಬತ್ತಾರು ಕಿಲೋಮೀಟರ್ ಎಂದು ಗೊತ್ತುಮಾಡಿದ್ದರು. ಒಪ್ಪಂದದ ದಿನದ ಡೀಸೆಲ್ ಬೆಲೆಯ ಮೇಲೆ ಲೀಟರಿಗೆ ಹತ್ತು ಪೈಸೆ ಏರಿದರೆ ಬಾಡಿಗೆಯ ಮೇಲೆ ನೂರಕ್ಕೆ ಒಂದರಂತೆ ಸರ್‌ಚಾರ್ಜ್. ಅದು ಬಾಡಿಗೆಯ ಮೇಲೆ ಮಾತ್ರ, ಕೂಲಿಯ ಮೇಲಲ್ಲ. ಕೋಳಿಕ್ಕೋಡಿನಲ್ಲಿ ಮೂಟೆ ಹೇರುವ ಕೂಲಿಯನ್ನು ಲಾರಿಯವರು ಅಲ್ಲೇ ಕೈಯಿಂದ ಕೊಟ್ಟು, ಮೂಟೆಗೆ ಇಪ್ಪತ್ತೈದು ಪೈಸೆಯಂತೆ ನಮ್ಮಿಂದ ವಸೂಲು ಮಾಡಿಕೊಳ್ಳಬೇಕು. ಇಳಿಸುವುದು ನಮ್ಮ ಗೋದಾಮಿನ ಆಳುಗಳ ಕೆಲಸ. ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಘಾಟಿ ರಸ್ತೆ ಎಂದು ಬೇರೆ ದರ ಕೇಳುವಂತಿಲ್ಲ.

ಈ ಕೆಲಸದಲ್ಲಿ ನಾನು ಹುಲಿಯಾದೆ. ಒಬ್ಬ ಲಾರಿಯವನು ಬತ್ತೇರಿ ಸುತ್ತಿ ಬಂದು ನೂರಾ ಹನ್ನೆರಡು ಕಿಲೋಮೀಟರ್ ಹಾಕಿದ್ದ. ಹದಿನಾರು ಕಿಲೋಮೀಟರ್ ಹೆಚ್ಚು, ಎಂಟು ಟನ್ನಿಗೆ ಅರವತ್ತನಾಲ್ಕು ರೂಪಾಯಿ. ಹೊಡೆದುಹಾಕಿದೆ. ಇನ್ನೊಬ್ಬ ಹೇರುವ ಕೂಲಿಯನ್ನೂ ಬಾಡಿಗೆಗೆ ಸೇರಿಸಿ, ಒಟ್ಟು ಮೊತ್ತದ ಮೇಲೆ ನೂರಕ್ಕೆ ನಾಲ್ಕು ಸರ್‌ಚಾರ್ಜ್ ಕಟ್ಟಿದ್ದ. ಅದರಿಂದ ಹೆಚ್ಚಾದದ್ದು ಬರೀ ಒಂದು ರೂಪಾಯಿ ಅರವತ್ತು ಪೈಸೆ. ಅದನ್ನೂ ಬಿಡಲಿಲ್ಲ. ಮ್ಯಾನೇಜರು ಕಮಿಟಿಯವರ ಮುಂದೆ, "ಇವನ ಕಣ್ಣು ತಪ್ಪಿಸಿ ಒಂದು ಪೈಸೆ ಹೋಗುವುದಿಲ್ಲ" ಎಂದರು. ಅವತ್ತು ಊಟದ ಎಲೆ ಮುಂದೆ ಕೂತರೂ ನನಗೆ ಹಸಿವಿರಲಿಲ್ಲ, ಹೊಗಳಿಕೆಯಿಂದಲೇ ಹೊಟ್ಟೆ ತುಂಬಿತ್ತು.

ಹತ್ತಾರು ಲಾರಿಯಿದ್ದ ಆ ದೊಡ್ಡ ಮಾಲೀಕರು ಒಬ್ಬೊಬ್ಬರಾಗಿ ಬಿಟ್ಟುಹೋದ ಮೇಲೆ ಒಬ್ಬ ಚೇಟ್ಟ ಬಂದರು. ಸ್ವಂತದ ಒಂದೇ ಲಾರಿ, ಅದನ್ನು ಓಡಿಸುವವರೂ ಅವರೇ. ನನಗಿಂತ ಹದಿನೈದು ವರ್ಷ ದೊಡ್ಡವರು, ಅದಕ್ಕೇ ಚೇಟ್ಟ, ಅಂದರೆ ಅಣ್ಣ, ಎನ್ನುತ್ತಿದ್ದೆ. ಉಳಿದವರಂತೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಬಿಲ್ಲು ಅವರಲ್ಲಿರಲಿಲ್ಲ. ನೋಟ್ ಬುಕ್ಕಿನ ಹಾಳೆಯಲ್ಲಿ ಉರುಟುರುಟಾದ ಮಲಯಾಳ ಅಕ್ಷರದಲ್ಲಿ ಬರೆದು ತಂದರು. ನೂರಾ ಅರವತ್ತು ಮೂಟೆ, ಎಂಟು ಟನ್ನು. ಎಂಟನ್ನು ತೊಂಬತ್ತಾರರಿಂದ ಗುಣಿಸಿ ಐವತ್ತು ಪೈಸೆಯಂತೆ ಮುನ್ನೂರ ಎಂಬತ್ತನಾಲ್ಕು ರೂಪಾಯಿ. ಡೀಸೆಲ್ ನಲವತ್ತು ಪೈಸೆ ಏರಿದ್ದಕ್ಕೆ ನೂರಕ್ಕೆ ನಾಲ್ಕು, ಹದಿನೈದು ರೂಪಾಯಿ ಮೂವತ್ತಾರು ಪೈಸೆ. ಒಂದು ಪೈಸೆ ಆಚೀಚೆ ಇಲ್ಲ. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಆಗ ಮೂರನೆಯ ಸಾಲು ಕಂಡಿತು: "ಕಯಟ್ಟಂ, ನಲವತ್ತು ರೂಪಾಯಿ."

ಕಯಟ್ಟಂ ಎಂದರೆ ಏರು. ದಿನಾ ಬಸ್ಸಿನಲ್ಲಿ ಕೇಳುತ್ತಿದ್ದ ಮಾತು. ಮುಂದೆ ಕಯಟ್ಟಂ ಇದೆ, ಗಾಡಿ ನಿಧಾನ ಎನ್ನುತ್ತಿದ್ದರು. ಘಾಟಿ ಹತ್ತಿದ್ದಕ್ಕೆ ನಲವತ್ತು ರೂಪಾಯಿ ಕೇಳುತ್ತಿದ್ದಾರೆ, ಒಪ್ಪಂದದ ಕೊನೆಯ ಸಾಲು ಇರುವುದೇ ಇದಕ್ಕೆ ಎಂದುಕೊಂಡೆ. ಕೆಂಪು ಮಸಿಯಲ್ಲಿ ಗೀಟು ಎಳೆದೆ.

ಇನ್ನು ಹೇಳಬೇಕಾದ್ದನ್ನು ಇಲ್ಲಿಯೇ ಹೇಳಿಬಿಡಬೇಕು. ಗೀಟು ಎಳೆದ ಮೇಲೆ ಬಿಲ್ಲನ್ನು ಇನ್ನೊಮ್ಮೆ ಓದಿದೆ. ಹೇರುವ ಕೂಲಿ ಎಲ್ಲೂ ಇರಲಿಲ್ಲ. ನೂರಾ ಅರವತ್ತು ಮೂಟೆ ತಾವಾಗಿ ಲಾರಿ ಹತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೂಟೆಗೆ ಇಪ್ಪತ್ತೈದು ಪೈಸೆ ಎಂದರೆ ನಲವತ್ತೇ ರೂಪಾಯಿ ಎಂದು ಲೆಕ್ಕ ಹಾಕುವ ಮನಸ್ಸೂ ಆಗಲಿಲ್ಲ. ಪಾಪ, ಮರೆತಿದ್ದಾರೆ, ಕೇಳದಿದ್ದರೆ ಸೊಸೈಟಿಗೆ ಉಳಿಯಿತು, ನೆನಪಿಸುವುದು ನನ್ನ ಕೆಲಸವಲ್ಲ ಎಂದುಕೊಂಡು ಬಿಲ್ಲು ಮಡಚಿಟ್ಟೆ.

ಮುಂದಿನ ಟ್ರಿಪ್ಪಿಗೆ ಚೇಟ್ಟ ನನ್ನ ಮೇಜಿನ ಮುಂದೆ ನಿಂತರು. ಕೆಂಪು ಗೀಟಿನ ಮೇಲೆ ಬೆರಳಿಟ್ಟು, "ಕಯಟ್ಟಂ ಇಲ್ಲಾದೆ ವಂಡಿ ವರುಮೋ ಸಾರೇ?" ಎಂದರು. ಕಯಟ್ಟಂ ಇಲ್ಲದೆ ಗಾಡಿ ಬರುತ್ತದೆಯೇ ಎಂದು. ನಾನು ನಕ್ಕೆ.

"ಸಹಿ ಹಾಕುವಾಗ ಗೊತ್ತಿರಲಿಲ್ಲವಾ, ಕಯಟ್ಟಂ ಇದೆ ಅಂತ?" ಎಂದು ಮಲಯಾಳದಲ್ಲೇ ಕೇಳಿದೆ.

"ಗೊತ್ತಿತ್ತು ಸಾರೇ. ಅದಕ್ಕೇ ಬರೆದಿದ್ದೇನೆ. ಸಹಿ ಹಾಕಿಸಿಕೊಂಡವರು ಕೊಡುತ್ತೇವೆ ಅಂದಿದ್ದರಲ್ಲ."

"ಕಯಟ್ಟಂಗೆ ಕೊಡುವುದಿಲ್ಲ ಅಂತ ಒಪ್ಪಂದದಲ್ಲೇ ಇದೆ." ಇಂಗ್ಲಿಷಿನ ಆ ಸಾಲಿನ ಮೇಲೆ ನಾನೂ ಬೆರಳಿಟ್ಟು ತೋರಿಸಿದೆ.

ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆ ಸಾಲನ್ನು ಬಹಳ ಹೊತ್ತು ನೋಡಿದರು. ಒಂದೇ ಮಾತನ್ನು ಇಬ್ಬರೂ ಆಡುತ್ತಿದ್ದೆವು, ಅವರದು ಬೇರೆ, ನನ್ನದು ಬೇರೆ. ಕಡೆಗೆ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಮಾಡಿ, ಉಳಿದ ಹಣ ತೆಗೆದುಕೊಂಡು ಹೋದರು. ಆದರೂ ಪ್ರತಿ ಬಿಲ್ಲಿನಲ್ಲೂ ಆ ಸಾಲು ಬರೆಯುತ್ತಿದ್ದರು, ನಾನು ಪ್ರತಿ ಸಲವೂ ಹೊಡೆಯುತ್ತಿದ್ದೆ. ಒಮ್ಮೆ ಬಿಲ್ಲಿನ ಜೊತೆ ಒಂದು ಪೊಟ್ಟಣ ಕೋಳಿಕ್ಕೋಡಿನ ಹಲ್ವ ಮೇಜಿನ ಮೇಲಿಟ್ಟರು. ನಾನು ಎಲ್ಲರಿಗೂ ಕೇಳುವಂತೆ, "ಇದಕ್ಕೆಲ್ಲ ಬಗ್ಗುವ ಮನುಷ್ಯ ನಾನಲ್ಲ" ಎಂದು ಪೊಟ್ಟಣವನ್ನು ಅವರ ಕೈಗೇ ತುರುಕಿದೆ. ಅವರ ಮುಖ ಕೆಂಪಾಯಿತು. ಹದಿನಾಲ್ಕು ಟ್ರಿಪ್ಪಾದ ಮೇಲೆ ಅವರು ಬರಲಿಲ್ಲ.

ಶುಂಠಿಯ ಕಾಲ ಬಂತು. ಈಗ ಲಾರಿ ನಮ್ಮ ಗೋದಾಮಿನಿಂದ ಒಣಶುಂಠಿ ಹೇರಿಕೊಂಡು ಕೋಳಿಕ್ಕೋಡಿಗೆ ಇಳಿಯಬೇಕು. ಹೊಸ ಲಾರಿಯವನೊಬ್ಬ ಮಲಯಾಳದಲ್ಲೇ ಬಿಲ್ಲು ತಂದ. ಅದರಲ್ಲೂ ಕಯಟ್ಟಂ! ನನಗೆ ನಗು ತಡೆಯಲಾಗಲಿಲ್ಲ. ಗೋದಾಮಿನ ಆಳುಗಳ ಮೇಸ್ತ್ರಿ ಅಲ್ಲೇ ಬಾಗಿಲಲ್ಲಿ ಬೀಡಿ ಸೇದುತ್ತ ಕೂತಿದ್ದ. ನಮ್ಮ ಪೆರಿಕಲ್ಲೂರು ಕಡೆಯ ಮುದುಕ, ನನ್ನನ್ನು ಸಣ್ಣವನಿದ್ದಾಗಿಂದ ಬಲ್ಲವನು.

"ಮಾವ, ಇವನ ತಮಾಷೆ ನೋಡು. ಘಾಟಿ ಇಳಿಯೋದಕ್ಕೂ ಕಯಟ್ಟಂ ಅಂತ ದುಡ್ಡು ಕೇಳ್ತಾನೆ" ಎಂದೆ.

ಮುದುಕ ನನ್ನನ್ನೇ ನೋಡಿದ. "ಅಯ್ಯೋ ಮೊಗಾ, ಅದು ಘಾಟಿ ಹತ್ತದಲ್ಲ ಕಣಪ್ಪ. ಮೂಟೆ ಹತ್ತ್ಸದು. ಹತ್ತ್ಸದ್ಕೆ ಕಯಟ್ಟಂ, ಇಳ್ಸದ್ಕೆ ಇರಕ್ಕಂ. ನಮ್ ಕೂಲಿ ಕಣಪ್ಪ ಅದು, ಲಾರಿಯವ್ನೇ ಕೈಯಿಂದ ಕೊಟ್ಟವ್ನೆ. ಇಷ್ಟ್ ದಿನ ಏನಂತ ಓದ್ಕಂಡಿದ್ದೆ ನೀನು?"

ಒಳಗೆ ಹೋಗಿ ಹಳೆ ಬಿಲ್ಲಿನ ಕಟ್ಟು ಬಿಚ್ಚಿದೆ. ಹದಿನಾಲ್ಕು ಹಾಳೆ, ಹದಿನಾಲ್ಕು ಕೆಂಪು ಗೀಟು. ಐನೂರ ಅರವತ್ತು ರೂಪಾಯಿ. ಕೋಳಿಕ್ಕೋಡಿನಲ್ಲಿ ಹೇರುವವರು ಕೂಲಿ ಕೈಗೆ ಬಾರದೆ ಲಾರಿ ಅಲುಗಲು ಬಿಡುವವರಲ್ಲ. ಆ ಹಣವನ್ನೆಲ್ಲ ಚೇಟ್ಟ ಕೈಯಿಂದ ಹಾಕಿದ್ದರು. ಡೀಸೆಲ್ಲು, ಟಯರು ಕಳೆದರೆ ಒಂದು ಟ್ರಿಪ್ಪಿನಲ್ಲಿ ಅವರಿಗೆ ಉಳಿಯುತ್ತಿದ್ದದ್ದೇ ಹೆಚ್ಚುಕಡಿಮೆ ಆ ನಲವತ್ತು ರೂಪಾಯಿ.

ಮ್ಯಾನೇಜರ ಬಳಿ ಹೋದೆ. ಮಲಯಾಳ ಸರಿಯಾಗಿ ಓದಲು ಬರುವುದಿಲ್ಲ ಎಂದು ಮೊದಲ ಬಾರಿ ಬಾಯಿಬಿಟ್ಟು ಹೇಳಿದೆ. ಅವರು ಬಯ್ಯಲೂ ಇಲ್ಲ. ಲೆಕ್ಕ ಮುಗಿದು ಆಡಿಟ್ ಆಗಿದೆ, ಪೂರ್ತಿ ಸಂದಾಯವಾಯಿತು ಎಂದು ಆತನೇ ಸ್ಟಾಂಪಿನ ಮೇಲೆ ಸಹಿ ಹಾಕಿದ್ದಾನೆ, ಈಗ ಕೆದಕಬೇಡ ಎಂದರು. ಮೂರು ತಿಂಗಳು ಸಂಬಳದಲ್ಲಿ ಹಿಡಿದು ಹಿಡಿದು ಆ ಮೊತ್ತ ಕೂಡಿಸಿದೆ. ನನ್ನ ಒಳ್ಳೆಯತನದ ಬಗ್ಗೆ ಆಗ ನನಗೇ ಸ್ವಲ್ಪ ಹೆಮ್ಮೆಯಿತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ.

ಚೇಟ್ಟ ಪನಮರಂನಲ್ಲಿ ಸಿಕ್ಕಿದರು. ಅದೇ ಲಾರಿ, ಆದರೆ ಅದನ್ನು ಅಲ್ಲಿನ ಒಬ್ಬ ಮರದ ವ್ಯಾಪಾರಿಗೆ ಮಾರಿಬಿಟ್ಟಿದ್ದರು. ಈಗ ಅವನ ಹತ್ತಿರ ದಿನಗೂಲಿಗೆ ಅದನ್ನೇ ಓಡಿಸುತ್ತಿದ್ದರು. ನನ್ನನ್ನು ಕಂಡು ಲಾರಿಯಿಂದ ಇಳಿದು, ಮೊದಲಿನಂತೆಯೇ "ಎಂದಾ ಸಾರೇ?", ಏನು ಸಾರ್, ಎಂದು ಕೇಳಿದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಕಯಟ್ಟಂ ಎಂದರೆ ಘಾಟಿ ಎಂದು ತಿಳಿದೆ ಎಂದೆ. ಹಣದ ಲಕೋಟೆ ಮುಂದೆ ಹಿಡಿದೆ.

ಅವರು ಬೇಡ ಎನ್ನಬಹುದು, ಬೆನ್ನು ತಟ್ಟಬಹುದು ಎಂದು ದಾರಿಯುದ್ದಕ್ಕೂ ಊಹಿಸಿಕೊಂಡು ಬಂದಿದ್ದೆ. ಅವರು ಲಕೋಟೆ ತೆಗೆದುಕೊಂಡರು. ನೋಟುಗಳನ್ನು ಎಣಿಸಿದರು. ಅಂಗಿಯ ಒಳಜೇಬಿಗೆ ಹಾಕಿಕೊಂಡರು.

"ಸರಿ, ಸಾರಿಗೆ ಮಲಯಾಳ ತಿಳಿಯಲಿಲ್ಲ. ಅದು ತಪ್ಪಲ್ಲ. ನನಗೂ ಇಂಗ್ಲಿಷ್ ತಿಳಿಯಲಿಲ್ಲ" ಎಂದರು. ಆಮೇಲೆ ನಿಧಾನವಾಗಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು: "ಆದರೆ ಕಯಟ್ಟಂ ಅಂದರೆ ಘಾಟಿ ಅಂತ ಓದಿದ ಮೇಲೆ, ಹೇರಿದ ಕೂಲಿ ಬಿಲ್ಲಿನಲ್ಲಿ ಇಲ್ಲವಲ್ಲ ಅಂತ ಸಾರಿಗೆ ಕಾಣಲಿಲ್ಲವೇ? ಒಂದೂವರೆ ರೂಪಾಯಿ ಹೆಚ್ಚಾದದ್ದನ್ನೂ ಹಿಡಿಯುವವರು ನೀವು ಅಂತ ಲಾರಿಯವರೆಲ್ಲ ಹೇಳುತ್ತಿದ್ದರು."

"ಇಲ್ಲ ಚೇಟ್ಟಾ" ಎಂದೆ. "ಕಾಣಲಿಲ್ಲ."

ಅವರು ತಲೆಯಾಡಿಸಿದರು, ನಂಬಿದರು. ಲಾರಿ ಹತ್ತಿ ಹೋದರು.